ಗರ್ಭಚೀಲ ತೆಗೆಸಿದರೆ ಜಾರುವುದು ನಿಲ್ಲುತ್ತದೆಯೇ?

"ಮಕ್ಕಳಾದವು, ಮುಟ್ಟೂ ನಿಂತಿತು. ಇನ್ನು ಆ ಚೀಲ ಇಟ್ಟುಕೊಂಡು ಏನು ಮಾಡ್ತೀರಿ ಅಕ್ಕಾ, ತೆಗೆಸಿಬಿಡಿ." ಡೊಂಬಿವಿಲಿ, ಕಲ್ಯಾಣದ ಕನ್ನಡ ಮನೆಗಳಲ್ಲಿ ಗರ್ಭಚೀಲ ಜಾರಿದವರಿಗೆ ಸಿಗುವ ಸಲಹೆ ಇದು. ಹೇಳುವವರ ಕಾಳಜಿ ನಿಜ, ತರ್ಕ ಮಾತ್ರ ತಪ್ಪು.

ಗರ್ಭಚೀಲ ತಾನಾಗಿ ಜಾರುವುದಿಲ್ಲ. ಅದನ್ನು ಹಿಂದಿನ ಮೂಳೆಗೆ ಕಟ್ಟಿದ ಅಸ್ಥಿರಜ್ಜುಗಳೂ ಕೆಳಗಿನಿಂದ ಹೊತ್ತ ಸ್ನಾಯುಗಳೂ ಹೆರಿಗೆಯಲ್ಲಿ ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ವಯಸ್ಸು, ಹಳೆಯ ಕೆಮ್ಮು, ಮಲಬದ್ಧತೆ ಉಳಿದ ಕೆಲಸ ಮುಗಿಸುತ್ತವೆ. ಹಗ್ಗ ಸಡಿಲವಾದಾಗ ತೊಟ್ಟಿಲನ್ನೇ ಬಿಸಾಡಿದರೆ ಹಗ್ಗ ಬಿಗಿಯಾಗದು. ಚೀಲ ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಗಟ್ಟಿಯಾದ ರಜ್ಜುವಿಗೆ ಹೊಲಿಯದಿದ್ದರೆ, ಮುಂದೆ ಆ ತುದಿಯೇ ಇಳಿದು ಬರಬಹುದು.

ಐವತ್ತು ದಾಟಿದ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಏನೂ ಇಲ್ಲ. ಲೋಕಲ್‌ನಲ್ಲಿ ನಿಂತು ಠಾಣೆಗೆ ಹೋಗಿಬಂದ ಸಂಜೆ ಕೆಳಗೆ ಭಾರ, ತೊಳೆಯುವಾಗ ಕೈಗೆ ಮೆತ್ತನೆಯ ಉಬ್ಬು. ಮಲಗಿದರೆ ಮಾಯ. ಮೂತ್ರ ಪೂರ್ತಿ ಹೋಗಬೇಕಾದರೆ ಆ ಉಬ್ಬನ್ನು ಬೆರಳಿಂದ ಒಳತಳ್ಳಬೇಕು. ಈ ಕೊನೆಯ ಲಕ್ಷಣ ಬೊಟ್ಟು ಮಾಡುವುದು ಯೋನಿಯ ಮುಂಗೋಡೆಯ ಮೇಲೆ ಒರಗಿ ಇಳಿದ ಮೂತ್ರಕೋಶದತ್ತ. ಆಕೆಗೆ ಬರೀ ಗರ್ಭಚೀಲ ತೆಗೆದರೆ ಉಬ್ಬು ಅಲ್ಲೇ ಉಳಿಯುತ್ತದೆ! ಆದ್ದರಿಂದ ಯಾವ ಭಾಗ, ಎಷ್ಟು ಇಳಿದಿದೆ ಎಂದು ಮುಕ್ಕಿಸಿ, ಕೆಮ್ಮಿಸಿ ನೋಡಬೇಕು. ಮಲಗಿಸಿ ಮಾಡಿದ ಸೋನೋಗ್ರಫಿಯಲ್ಲಿ ಇದು ತಪ್ಪಿಹೋಗಬಹುದು.

ಉಬ್ಬು ಯೋನಿದ್ವಾರದ ಆಸುಪಾಸಿನಲ್ಲೇ ಇದ್ದರೆ, ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿತು ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಕನಿಷ್ಠ 16 ವಾರ ಮಾಡಿದರೆ ಭಾರ ಕಡಿಮೆಯಾಗಬಹುದು. ಪೂರ್ತಿ ಹೊರಬಂದದ್ದನ್ನು ಅದು ಒಳಗೆ ಎಳೆಯದು. ಇನ್ನೊಂದು ದಾರಿ ಪೆಸರಿ, ಒಳಗಿಡುವ ಸಿಲಿಕೋನ್ ಬಳೆ. ಅಳತೆ ನೋಡಿ ಕೂರಿಸಿದ ಮೇಲೆ ನಡೆದು, ಕುಕ್ಕರಗಾಲಲ್ಲಿ ಕೂತು, ಕೆಮ್ಮಿ, ಮೂತ್ರ ಮಾಡಿ ನೋಡಿಯೇ ಮನೆಗೆ ಹೊರಡಬೇಕು. ಹಾಕಿಸಿಕೊಂಡು ವರ್ಷಗಟ್ಟಲೆ ಮರೆತರೆ ಹುಣ್ಣಾಗಬಹುದು. ಕೆಲವು ತಿಂಗಳಿಗೊಮ್ಮೆ ತೆಗೆದು ತೊಳೆದು ಪರೀಕ್ಷಿಸಲೇಬೇಕು.

ಶಸ್ತ್ರಚಿಕಿತ್ಸೆಯೇ ಬೇಕಾದರೂ ಚೀಲ ಉಳಿಸುವ ವಿಧಾನಗಳಿವೆ. ಅವನ್ನು ಹುಡುಕಿ ಪರದೇಶಕ್ಕೆ ಹೋಗಬೇಕಿಲ್ಲ. ಮುಂಬಯಿಯ ಡಾ. ವಿ. ಎನ್. ಶಿರೋಡ್ಕರ್ ಗರ್ಭಕಂಠವನ್ನು ಪಟ್ಟಿಯಿಂದ ಬೆನ್ನಿನ ಕೆಳಮೂಳೆಗೆ ಕಟ್ಟಿದರು; ಡಾ. ಪುರಂದರೆಯವರ ವಿಧಾನ ಅದನ್ನು ಹೊಟ್ಟೆಯ ಮುಂಗೋಡೆಗೆ ತೂಗುಹಾಕುತ್ತದೆ. ಇಂಥ ಕೆಲಸ ನಡೆದ ಊರಿನ ಪಕ್ಕದಲ್ಲೇ ಕೂತು ನಾವು ತೆಗೆಸುವುದೊಂದೇ ಗತಿ ಎನ್ನುತ್ತಿದ್ದೇವೆ.

ಚೀಲ ತೆಗೆಯುವುದು ಕೆಲವೊಮ್ಮೆ ಸರಿಯೇ. ಕ್ಯಾನ್ಸರಿನ ಅನುಮಾನವಿದ್ದರೆ ವಾದಕ್ಕೆ ಎಡೆಯಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದವರು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ಮಾತು ಕೇಳಿ: ಡಾಕ್ಟರೇ, ಇಳಿದಿರುವುದು ಯಾವುದು? ತೆಗೆದ ಮೇಲೆ ಮೇಲ್ತುದಿಯನ್ನು ಎಲ್ಲಿಗೆ ಕಟ್ಟುತ್ತೀರಿ?