ಒಟಿಎಸ್ ಪತ್ರದಲ್ಲಿ ಇಲ್ಲದ ಸಾಲು

ಕ್ರೆಡಿಟ್ ಕಾರ್ಡ್ ಬಾಕಿದಾರರಿಗೆ ಬರುವ ಒನ್ ಟೈಮ್ ಸೆಟ್ಲ್‌ಮೆಂಟ್ ಪತ್ರಗಳಲ್ಲಿ ಗ್ರಾಹಕ ಎಷ್ಟು ಕಟ್ಟಬೇಕು, ಯಾವ ತಾರೀಖಿನೊಳಗೆ ಕಟ್ಟಬೇಕು ಎಂಬುದು ಖಚಿತವಾಗಿರುತ್ತದೆ. ಬ್ಯಾಂಕು ಏನನ್ನು ಬಿಟ್ಟುಕೊಡುತ್ತದೆ ಎನ್ನುವಲ್ಲಿ ಮಾತ್ರ ಎಷ್ಟೋ ಪತ್ರಗಳ ಮಾತು ಸಡಿಲವಾಗುತ್ತದೆ. ನನ್ನ ಆಕ್ಷೇಪ ಇರುವುದು ಅಲ್ಲೇ.

ಬಾಕಿ 1,80,000 ರೂಪಾಯಿ, ಬ್ಯಾಂಕು ಒಪ್ಪಿದ್ದು 75,000 ಎಂದಿಟ್ಟುಕೊಳ್ಳಿ. ಪತ್ರದಲ್ಲಿ ‘ಹಣ ಬಂದ ಮೇಲೆ ಖಾತೆ ಮುಚ್ಚುವುದನ್ನು ಪರಿಗಣಿಸಲಾಗುವುದು’ ಎಂದಿದೆ. ಇದು ಭರವಸೆಯಂತೆ ಕೇಳಿಸಿದರೂ ಬ್ಯಾಂಕನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ಗ್ರಾಹಕ ಹಣ ಕಟ್ಟಿ ರಸೀದಿ ಇಟ್ಟುಕೊಳ್ಳುತ್ತಾನೆ. ಆದರೆ ರಸೀದಿ ಹೇಳುವುದು 75,000 ಬಂತು ಎಂದಷ್ಟೇ. ಮಿಕ್ಕ 1,05,000 ಮನ್ನಾ ಆಯಿತು ಎಂದು ಅದರಲ್ಲಿ ಎಲ್ಲೂ ಇಲ್ಲ. ಆ ಉಳಿಕೆ ಲೆಕ್ಕದಲ್ಲೇ ಉಳಿದು, ಸಾಲ ಬೇರೆ ಕಂಪನಿಗೆ ಮಾರಾಟವಾದರೆ, ವಸೂಲಿಯವರ ಫೋನು ಮತ್ತೆ ಶುರುವಾಗುತ್ತದೆ.

ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಭಾರತೀಯ ಕರಾರು ಕಾಯ್ದೆ, 1872ರ 63ನೇ ಕಲಮಿನ ಪ್ರಕಾರ ಸಾಲ ಕೊಟ್ಟವರು ಬಾಕಿಯನ್ನು ಭಾಗಶಃ ಅಥವಾ ಪೂರ್ತಿ ಬಿಟ್ಟುಕೊಡಬಹುದು. ಬಿಟ್ಟುಕೊಟ್ಟಿದ್ದಕ್ಕೆ ಬರಹದ ಪುರಾವೆ ಮಾತ್ರ ಬೇಕು. ಪತ್ರದಲ್ಲಿ ಇರಬೇಕಾದದ್ದು ಇಂಥ ಮಾತು: ‘ಈ ಮೊತ್ತ ಸಂದಾಯವಾದೊಡನೆ ಸದರಿ ಕಾರ್ಡ್ ಖಾತೆಯ ಅಸಲು, ಬಡ್ಡಿ, ದಂಡ, ಶುಲ್ಕ ಸೇರಿ ಪೂರ್ಣ ಬಾಕಿ ತೀರಿದಂತೆ, ಉಳಿಕೆ ಮನ್ನಾ ಆಗಿದೆ, ಬ್ಯಾಂಕಾಗಲಿ, ಈ ಸಾಲವನ್ನು ಮುಂದೆ ವಹಿಸಿಕೊಂಡವರಾಗಲಿ ಈ ಖಾತೆಯ ಮೇಲೆ ಏನನ್ನೂ ಕೇಳತಕ್ಕದ್ದಲ್ಲ.’ ಅದೇ ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಕೂಡ ಇದ್ದರೆ ಅದು ಈ ರಾಜಿಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಬರೆಸಬೇಕು.

ಬರೆಸುವ ಕೆಲಸ ಒಪ್ಪಿಗೆಗೆ ಮೊದಲೇ ಮುಗಿಯಬೇಕು. ಅದೇ ಕಾಯ್ದೆಯ 7ನೇ ಕಲಮು ಒಪ್ಪಿಗೆ ಷರತ್ತಿಲ್ಲದೆ ಇರಬೇಕೆನ್ನುತ್ತದೆ. ‘ಒಪ್ಪಿದ್ದೇನೆ, ಆದರೆ ಹದಿನೈದು ದಿನ ಹೆಚ್ಚು ಕೊಡಿ’ ಎಂದು ಬರೆದರೆ ಅದು ಒಪ್ಪಿಗೆಯಲ್ಲ, ಗ್ರಾಹಕನೇ ಮುಂದಿಟ್ಟ ಹೊಸ ಪ್ರಸ್ತಾವ. ಮೊದಲು ಚೌಕಾಸಿ ಮುಗಿಸಿ ತಿದ್ದಿದ ಪತ್ರ ತರಿಸಿಕೊಳ್ಳಿ. ಆಮೇಲೆ ಪತ್ರದ ತಾರೀಖು, ಖಾತೆ ಸಂಖ್ಯೆ, ಮೊತ್ತ ನಮೂದಿಸಿ ‘ಯಥಾವತ್ತಾಗಿ ಒಪ್ಪಿದ್ದೇನೆ’ ಎಂದು ಬ್ಯಾಂಕಿನ ಅಧಿಕೃತ ಇಮೇಲಿಗೆ ಬರೆದು, ಪತ್ರದಲ್ಲಿರುವ ಖಾತೆಗೇ ಗಡುವಿನೊಳಗೆ ಕಟ್ಟಿ. ಏಜೆಂಟನ ವಾಟ್ಸ್ಆ್ಯಪ್ ಸಂದೇಶವನ್ನು ನಂಬಿ ಹಣ ಕಳಿಸುವುದು ಬೇಡವೇ ಬೇಡ.

ಇಷ್ಟಾದರೂ ಪತ್ರಕ್ಕೆ ಮಿತಿಯಿದೆ. ಕ್ರೆಡಿಟ್ ವರದಿಯಲ್ಲಿ ಖಾತೆ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದೇ ಕಾಣಿಸಬಹುದು, ಮುಂದೆ ಸಾಲ ಕೊಡುವವರು ಅದನ್ನು ಗಮನಿಸುತ್ತಾರೆ. ಚೆಕ್ ಬೌನ್ಸ್ ಪ್ರಕರಣ ನ್ಯಾಯಾಲಯದಲ್ಲಿದ್ದರೆ ಪತ್ರವೊಂದರಿಂದಲೇ ಅದು ಮುಗಿಯದು. ರಾಜಿಯನ್ನು ನ್ಯಾಯಾಲಯದಲ್ಲೇ ದಾಖಲಿಸಬೇಕು. ಲೋಕ ಅದಾಲತ್ತಿನಲ್ಲಿ ಮುಗಿಸಿದರೆ ಅದರ ತೀರ್ಪು ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ.