ಕಾರ್ಡಿನಲ್ಲಿ ಉಳಿದ 42 ರೂಪಾಯಿ

ಬೆಂಗಳೂರು ಬಿಟ್ಟು ನಾಲತವಾಡಕ್ಕೆ ಹೋಗಿ ಮನೆಯಿಂದಲೇ ಕೆಲಸ ಮಾಡ್ತೀನಿ ಅನ್ನುವವರು ಜಿಮ್ಮು, ಪಿಜಿ, ವೈಫೈ ಎಲ್ಲದರ ಲೆಕ್ಕ ಚುಕ್ತಾ ಮಾಡುತ್ತಾರೆ. ಪರ್ಸಿನಲ್ಲಿ ಉಳಿಯುವುದು ಮೆಟ್ರೋದ ರುಪೇ ಸಾರಿಗೆ ಕಾರ್ಡು. ಅದನ್ನು ರದ್ದು ಮಾಡುವುದು ಅಷ್ಟು ಸುಲಭವಲ್ಲ.

ಮೊದಲು ಕಾರ್ಡಿನ ಜಾತಿ ನೋಡಬೇಕು. ಪೂರ್ತಿ ಕೆವೈಸಿ ಕೊಟ್ಟು ಪಡೆದದ್ದಾದರೆ, ಆ್ಯಪಿನಲ್ಲಿರುವ ಹಣವನ್ನು ಖಾತೆ ಮುಚ್ಚುವಾಗ ವಾಪಸ್ ಕೇಳಬಹುದು. ಕೆವೈಸಿ ಇಲ್ಲದ ಸಾರಿಗೆ ಕಾರ್ಡಾದರೆ ಆ ದಾರಿ ಇಲ್ಲ. ರಿಸರ್ವ್ ಬ್ಯಾಂಕಿನ 2024ರ ಫೆಬ್ರವರಿ ನಿಯಮದಂತೆ ಇಂಥ ಕಾರ್ಡಿನಲ್ಲಿ 3000 ರೂಪಾಯಿವರೆಗೆ ಇಡಬಹುದು, ಆದರೆ ನಗದಾಗಿ ತೆಗೆಯುವಂತಿಲ್ಲ, ಮರುಪಾವತಿ ಇಲ್ಲ, ವರ್ಗಾವಣೆಯೂ ಇಲ್ಲ. ಹಾಗಾಗಿ ಓಡಾಡಿಯೇ ಖಾಲಿ ಮಾಡಬೇಕು.

ತಕರಾರು ಇರುವುದು ಇಲ್ಲೇ. 2025ರ ಫೆಬ್ರವರಿಯ ದರ ಏರಿಕೆಯ ನಂತರ ಕಾರ್ಡಿನಲ್ಲಿ 90 ರೂಪಾಯಿ ಇಲ್ಲದಿದ್ದರೆ ಗೇಟು ತೆರೆಯುವುದಿಲ್ಲ. ನೀವು ಎಲ್ಲಿ ಇಳಿಯುತ್ತೀರೆಂದು ಗೇಟಿಗೆ ಗೊತ್ತಿಲ್ಲವಲ್ಲ, ಅದು ಅತಿ ದುಬಾರಿ ಪ್ರಯಾಣದ ದರವನ್ನೇ ಮುಂಗಡವಾಗಿ ನೋಡುತ್ತದೆ. ನಿಮ್ಮ ದಿನದ ಟಿಕೆಟ್ 60 ರೂಪಾಯಿ ಎಂದಿಟ್ಟುಕೊಳ್ಳಿ. ಕಾರ್ಡಿನ ಶೇ. 5 ರಿಯಾಯಿತಿ ಕಳೆದರೆ 57. ಕಾರ್ಡಿನಲ್ಲಿ 270 ಇದ್ದರೆ ನಾಲ್ಕು ಸಲ ಹೋಗಬಹುದು: 213, 156, 99, ಕೊನೆಗೆ 42. ಆ 42 ಅಲ್ಲೇ ಕೂತಿತು. ಇನ್ನೊಂದು 50 ಹಾಕಿದರೆ 92 ಆಗಿ ಗೇಟು ತೆರೆಯುತ್ತದೆ, ಇಳಿದಾಗ ಮತ್ತೆ 35 ಉಳಿಯುತ್ತದೆ. 57ರ ಪ್ರಯಾಣಿಕ ಎಷ್ಟು ತಿಣುಕಿದರೂ 33ಕ್ಕಿಂತ ಕೆಳಗೆ ಇಳಿಯಲಾರ.

ತಪ್ಪಿಸಿಕೊಳ್ಳುವ ದಾರಿ ಒಂದಿದೆ, ಸ್ವಲ್ಪ ತಮಾಷೆಯದು. 99 ಉಳಿದಾಗ ಆಫೀಸಿಗೆ ಹೋಗಬೇಡಿ. ಭಾನುವಾರ ವೈಟ್‌ಫೀಲ್ಡಿನಲ್ಲಿ ಹತ್ತಿ ನೇರಳೆ ಮಾರ್ಗದ ಇನ್ನೊಂದು ತುದಿ ಚಲ್ಲಘಟ್ಟದಲ್ಲಿ ಇಳಿಯಿರಿ. 90ರ ಟಿಕೆಟ್ಟಿಗೆ ಹೆಚ್ಚೆಂದರೆ 85.50 ಹೋಗುತ್ತದೆ, ಉಳಿಯುವುದು ಚಿಲ್ಲರೆ. ಅದಕ್ಕೂ ಪುರುಸೊತ್ತಿಲ್ಲದಿದ್ದರೆ, ಹೆಸರಿಲ್ಲದ ಕಾರ್ಡನ್ನೇ ಊರಲ್ಲಿ ಉಳಿಯುವ ರೂಮ್‌ಮೇಟಿನ ಕೈಗಿಟ್ಟು ದುಡ್ಡು ಇಸ್ಕೊಳ್ಳಿ.

ನಾಲತವಾಡದಿಂದ ಮುದ್ದೇಬಿಹಾಳದ ಬಸ್ಸು ಹತ್ತಿದರೆ, ಚಿಲ್ಲರೆ ಇಲ್ಲದ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದು, 'ಇಳಿಯೂ ಮುಂದ ಇಸ್ಕೋರಿ' ಅನ್ನುತ್ತಾನೆ. ಮರೆತು ಇಳಿದರೆ ಹೋಯಿತು, ನಿಜ. ಆದರೂ ಆ ಗೀಚಿನಲ್ಲಿ ಹಣ ಯಾರದು ಎಂಬುದಕ್ಕೆ ಒಪ್ಪಿಗೆ ಇದೆ. ಮೆಟ್ರೋದಲ್ಲಿ ತಂತ್ರಜ್ಞಾನ ಇದ್ದೂ ಆ ಸೌಜನ್ಯ ಇಲ್ಲ. ದೊಡ್ಡ ಸುಧಾರಣೆ ಏನೂ ಬೇಡ. ಇಳಿಯುವ ನಿಲ್ದಾಣದ ಹೆಸರು ಹೇಳಿದವನಿಗೆ, ಕೌಂಟರಿನಲ್ಲಿ ಕಾರ್ಡಿನ 42 ಕಡಿದು, ಮೇಲಿನ 18 ನಗದು ತೆಗೆದುಕೊಂಡು, 60ರ ಒಂದು ಟೋಕನ್ ಕೊಟ್ಟರಾಯಿತು.