ಯಾರ ಮೈ ಮೇಲೆ ಯಾರ ಅಕ್ಷರ?

ದಲಿತ ವಿಮರ್ಶೆ ಎಂದಕೂಡಲೆ ನಾವು ಕವಿತೆ, ಕಾದಂಬರಿ, ಆತ್ಮಕತೆಗಳ ಒಳಕ್ಕೆ ಇಳಿದುಬಿಡುತ್ತೇವೆ. ಅವನ್ನೆಲ್ಲ ಹೊತ್ತು ತರುವ ಪತ್ರಿಕೆಯ ಮುಖಪುಟವನ್ನು ಮಾತ್ರ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ. ಹೋದ ವರ್ಷ ನಮ್ಮ ಹುಡುಗರು ಪೌರಕಾರ್ಮಿಕರ ಬಗ್ಗೆ ಒಂದು ಸಂಚಿಕೆ ತರಲು ಹೊರಟಾಗ, ಮುಖಪುಟದ ಕರಡು ನೋಡಿದ ಅಕ್ಕ ಒಬ್ಬಳು ಕೇಳಿದ ಮಾತಿನಿಂದ ಓದಲು ಕಲಿತೆ.

ಆ ಅಕ್ಕನ ಫೋಟೋವೇ ಮುಖಪುಟಕ್ಕೆ ಬಂದಿತ್ತು. ಹುಡುಗ ತೀರಾ ಹತ್ತಿರ ನಿಂತು ತೆಗೆದಿದ್ದ. ತಲೆ ಚೌಕಟ್ಟಿನ ಮೇಲಂಚಿಗೆ ತಾಗುವಂತಿತ್ತು. ನಮ್ಮ ಪುಟದ ಅಗಲ 8.5 ಅಂಗುಲ, ಎತ್ತರ 11. ಕ್ಯಾಮೆರಾದ ಚೌಕಟ್ಟು ಎರಡಕ್ಕೆ ಮೂರರ ಲೆಕ್ಕದ್ದು. ಅಗಲ ತುಂಬಿಸಿದರೆ ಎತ್ತರ 12.75 ಆಗುತ್ತದೆ, 1.75 ಅಂಗುಲ ಕತ್ತರಿಸಲೇಬೇಕು. ಮೇಲೆ ಜಾಗವಿಲ್ಲ, ಆದ್ದರಿಂದ ಕೆಳಗೆ ಕತ್ತರಿಸಿದೆವು. ಆಕೆಯ ಪಾದ ಹೋಯಿತು, ಪೊರಕೆಯ ತುದಿ ಹೋಯಿತು. ಇಷ್ಟಾದರೂ ಪತ್ರಿಕೆಯ ಹೆಸರು ಹಣೆಯ ಮೇಲೆಯೇ ಬಂದು ಕೂತಿತು.

ಆಗ ಒಬ್ಬ, ಇಂಗ್ಲಿಷ್ ಪತ್ರಿಕೆಗಳಂತೆ ಹೆಸರನ್ನು ತಲೆಯ ಹಿಂದಕ್ಕೆ ಸರಿಸೋಣ ಎಂದ. ಅವರ ಲಿಪಿಯಲ್ಲಿ ಅಕ್ಷರದ ಮೇಲರ್ಧ ಕಂಡರೂ ಪದ ಓದಬಹುದು. ಕನ್ನಡದಲ್ಲಿ ಹಾಗಲ್ಲ. ನಮ್ಮ ಒತ್ತಕ್ಷರಗಳು ಕೆಳಗಿರುತ್ತವೆ, ತಲೆ ಕೆಳಗಿನಿಂದ ಎದ್ದು ಬರುತ್ತದೆ. ಮೊದಲು ಮುಚ್ಚುವುದು ಅದನ್ನೇ. ‘ಹಕ್ಕು’ ಎಂಬ ಪದವನ್ನೇ ತಗೊಳ್ಳಿ. ಒತ್ತು ಮುಚ್ಚಿದರೆ ಉಳಿಯುವುದು ‘ಹಕು’. ಕನ್ನಡದ ಹೆಸರಿಗೆ ಅಕ್ಷರದ ಎತ್ತರ ಮಾತ್ರವಲ್ಲ, ಒತ್ತು ಇಳಿಯುವ ಜಾಗವನ್ನೂ ಲೆಕ್ಕ ಹಾಕಬೇಕು.

ಇನ್ನು ಲೇಖನಗಳನ್ನು ಸೂಚಿಸುವ ನಾಲ್ಕು ಸಾಲು ಉಳಿದಿದ್ದವು. ಗೋಡೆಯ ಮೇಲೆ ಪೋಸ್ಟರುಗಳ ಗಲೀಜು, ಅಕ್ಷರ ಕಾಣುತ್ತಿರಲಿಲ್ಲ. ಆಕೆಯ ಸೀರೆ ಕಡುನೀಲಿ. ಬಿಳಿ ಅಕ್ಷರ ಅಲ್ಲಿ ಎದ್ದು ಕಂಡಿತು, ಅಲ್ಲೇ ಹಾಕಿದೆವು. ಎಲ್ಲರೂ ಭೇಷ್ ಅಂದೆವು. ಅಕ್ಕನಿಗೆ ತೋರಿಸಿದಾಗ ಆಕೆ ಓದಲಿಲ್ಲ, ಬೆರಳಿಟ್ಟು ಕೇಳಿದಳು: “ಇದೇನ್ರೀ ಸರ, ನನ್ನ ಮೈ ಮ್ಯಾಲ ಬರ್ದೀರಿ? ಗ್ವಾಡಿ ಇರ್ಲಿಲ್ಲೇನು?”

ನಮ್ಮಲ್ಲಿ ಉತ್ತರವಿರಲಿಲ್ಲ. ಸಾಲುಗಳಲ್ಲಿ ಆಕೆಯ ಪರವಾದ ಮಾತೇ ಇತ್ತು. ಆದರೆ ಆಕೆ ನಮ್ಮ ಮಾತಿಗೆ ಹಲಗೆಯಾಗಿದ್ದಳು. ನ್ಯಾಷನಲ್ ಜಿಯಾಗ್ರಫಿಕ್‌ನ ಜೂನ್ 1985ರ ಮುಖಪುಟ ನೆನಪಾಯಿತು. ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ 1984ರಲ್ಲಿ ತೆಗೆದ ಆಫ್ಘನ್ ಹುಡುಗಿಯ ಚಿತ್ರ. ಪತ್ರಿಕೆಯ ಹೆಸರಿದೆ, ಆ ಕಣ್ಣುಗಳಲ್ಲಿ ಭಯ ಕಂಡೆವೆಂದು ಹೇಳುವ ಸಾಲಿದೆ, ಹುಡುಗಿಯ ಹೆಸರಿಲ್ಲ. ಶರ್ಬತ್ ಗುಲಾ ಎಂಬ ಆ ಹೆಸರು ಜಗತ್ತಿಗೆ ತಿಳಿದದ್ದು 2002ರಲ್ಲಿ. ಅಷ್ಟು ವರ್ಷ ಆಕೆ ಆ ಚಿತ್ರವನ್ನೇ ನೋಡಿರಲಿಲ್ಲ. ನಮ್ಮ ಕರಡಿನಲ್ಲೂ ಅಕ್ಕನ ಹೆಸರಿರಲಿಲ್ಲ.

ಎರಡನೇ ಸಲ ಕ್ಯಾಮೆರಾ ಹಿಡಿಯುವ ಮೊದಲು ಪುಟದಳತೆಯ ಹಾಳೆಯಲ್ಲಿ ಗೆರೆ ಎಳೆದೆವು. ಮೇಲೆ 2 ಅಂಗುಲ ಪತ್ರಿಕೆಯ ಹೆಸರಿಗೆ, ಎಡಕ್ಕೆ 3 ಅಂಗುಲ ಅಗಲ ಸಾಲುಗಳಿಗೆ, ಉಳಿದದ್ದು ಅಕ್ಕನಿಗೆ. ಬೆಳಗಿನ ನೆರಳಲ್ಲಿದ್ದ ಒಂದು ಸುಣ್ಣದ ಗೋಡೆ ಹುಡುಕಿದೆವು; ಅದರ ಮೇಲೆ ಕಪ್ಪು ಅಕ್ಷರ ಸಲೀಸಾಗಿ ಓದಿಸಿಕೊಳ್ಳುತ್ತದೆ. ಅಕ್ಕ ಬಲಗಡೆ ನಿಂತಳು, ಮುಖ ತುಸು ಎಡಕ್ಕೆ. ಆಕೆ ಪುಟದ ಹೊರಕ್ಕೆ ನೋಡಿದರೆ ಓದುಗನ ಕಣ್ಣೂ ಹೊರಕ್ಕೇ ಹೋಗುತ್ತದೆ. ಹುಡುಗ ಹಿಂದೆ ಸರಿದ, ಆದರೆ ಮೆಟ್ಟಿಲೇರಲಿಲ್ಲ; ಮೇಲಿನಿಂದ ತೆಗೆದರೆ ಮನುಷ್ಯ ಕುಗ್ಗಿ ಕಾಣುತ್ತಾನೆ. ಕತ್ತರಿಗೆ ಬೇಕಾದ ಜಾಗವನ್ನು ತಲೆಯ ಮೇಲೂ ಪಾದದ ಕೆಳಗೂ ಬಿಟ್ಟ. ಗೋಡೆಯಲ್ಲಿ ನಾಲ್ಕು ಸಾಲು ಹಿಡಿಸಲಿಲ್ಲ. ಅಕ್ಷರ ಕಿರಿದು ಮಾಡುವ ಬದಲು ಒಂದು ಸಾಲನ್ನೇ ಬಿಟ್ಟೆವು. ಬಿಟ್ಟದ್ದು ನನ್ನ ಲೇಖನದ ಸಾಲು.

ಇದರಲ್ಲಿ ನಷ್ಟವೂ ಇದೆ. ಮೊದಲ ಚಿತ್ರದಲ್ಲಿ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು; ಇಲ್ಲಿ ಮುಖ ಚಿಕ್ಕದಾಯಿತು. ಬದಲಿಗೆ ಪಾದ ಬಂತು, ಪೊರಕೆ ಬಂತು, ನಿಂತ ನಿಲುವು ಬಂತು. ಅಕ್ಷರಕ್ಕೆ ಜಾಗ ಬಿಡಬೇಕೆಂದು ಮನುಷ್ಯರನ್ನು ಮೂಲೆಗೆ ತಳ್ಳುವ ಅಪಾಯವೂ ಉಂಟು. ಅದನ್ನು ಪರೀಕ್ಷಿಸಲು ಕರಡನ್ನು ನಿಜದಳತೆಯಲ್ಲಿ ತೆಗೆದು, ಗೋಡೆಗೆ ಅಂಟಿಸಿ, ಆರು ಅಡಿ ದೂರ ನಿಲ್ಲಬೇಕು. ಅಕ್ಷರಗಳ ಮೇಲೆ ಬಿಳಿ ಕಾಗದ ಮುಚ್ಚಿದರೂ ಆಕೆಯೇ ಪುಟವನ್ನು ಆಳುತ್ತಿದ್ದರೆ ಸರಿ. ಖಾಲಿ ಗೋಡೆಯೇ ಮೊದಲು ಕಂಡರೆ ಮತ್ತೆ ಹತ್ತಿರ ಹೋಗಬೇಕು.

ಮೂರು ಸಾಲುಗಳಲ್ಲಿ ಮೊದಲನೆಯದು ಅಕ್ಕನ ಹೆಸರು. ಹೇಗೆ ಬರೀಬೇಕು ಅಂತ ಆಕೆಯನ್ನೇ ಕೇಳಿ ಹಾಕಿದೆವು. ಆ ಹೆಸರನ್ನು ಈ ಲೇಖನದಲ್ಲಿ ಹಾಕಲು ನಾನು ಕೇಳಿಲ್ಲ, ಅದಕ್ಕೇ ಇಲ್ಲಿ ಹಾಕಿಲ್ಲ.